ಇಪ್ಪತ್ತು ಲಕ್ಷದೊಳಗೆ ಎಷ್ಟು ಲಕ್ಷ?

ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಯಾರದಾದರೂ ಕೆಲಸ ಹೋಗುವ ದಿನ ಮೀಟಿಂಗ್ ರೂಮಿನ ಮೇಜಿನ ಮೇಲೆ ಎರಡು ಕಾಗದ ಇರುವುದು ವಾಡಿಕೆ. ಒಂದು ರಾಜೀನಾಮೆ ಪತ್ರ. ಅದು ಆಗಲೇ ಟೈಪ್ ಆಗಿದೆ, ಸಹಿಯೊಂದೇ ಬಾಕಿ. ಇನ್ನೊಂದು ಐದಾರು ಪುಟಗಳ ರಾಜಿ ಒಪ್ಪಂದ. ಎಚ್‌ಆರ್‌ನವರು ನೀರಿನ ಬಾಟಲಿ ಮುಂದಿಟ್ಟು, "ನೋಡಿ ಮೇಡಂ, ಇವತ್ತೇ ಮುಗಿಸಿಬಿಟ್ಟರೆ ಇಬ್ಬರಿಗೂ ಒಳ್ಳೇದು, ನಾಳೆ ಈ ಮೊತ್ತ ಇರುತ್ತೋ ಇಲ್ವೋ ನಾನು ಹೇಳೋಕಾಗಲ್ಲ" ಎನ್ನುತ್ತಾರೆ. ಕೂತವರ ಕಣ್ಣು ಮೊದಲು ಹೋಗುವುದು ಮೊತ್ತದ ಕಡೆಗೆ. ಉಳಿದದ್ದೆಲ್ಲ ಇಂಗ್ಲಿಷಿನ ಉದ್ದುದ್ದ ವಾಕ್ಯಗಳು. ಓದಿದರೂ ತಲೆಗೆ ಇಳಿಯುವ ಹೊತ್ತಲ್ಲ ಅದು.

ಈ ಕಾಗದವನ್ನು ಬಿಡಿಸಿ ನೋಡಲು ಒಬ್ಬ ಉದ್ಯೋಗಿಯನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ನಲವತ್ತೊಂದು ವರ್ಷ, ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷದ ಸೇವೆ, ಮ್ಯಾನೇಜರ್ ಹುದ್ದೆ. ತಿಂಗಳ ಒಟ್ಟು ಸಂಬಳ 1,56,000 ರೂಪಾಯಿ, ಅದರಲ್ಲಿ ಮೂಲವೇತನ ಅರ್ಧ, ಅಂದರೆ 78,000. ಕೆಲಸ ಸರಿಯಿಲ್ಲ ಎಂದು ಕಂಪನಿ ಹೇಳಿತು. ಹೊಸ ಮೇಲಧಿಕಾರಿ ಬಂದ ಮೇಲೆಯೇ ಈ ಮಾತು ಹುಟ್ಟಿತು, ಹೋದ ವರ್ಷದ ಬೋನಸ್ಸನ್ನೂ ತಡೆಹಿಡಿದಿದ್ದಾರೆ ಎಂದು ಈಕೆ ವಕೀಲರಿಂದ ನೋಟಿಸ್ ಕೊಡಿಸಿದರು. ಒಂದು ತಿಂಗಳ ಹಗ್ಗಜಗ್ಗಾಟದ ಬಳಿಕ ಕಂಪನಿ 20 ಲಕ್ಷಕ್ಕೆ ಬಂದು ನಿಂತಿತು. ಸೆಪ್ಟೆಂಬರ್ ಕೊನೆಗೆ ಕೆಲಸ ಬಿಡಬೇಕು, ಅಲ್ಲಿಗೆ ‘ಫುಲ್ ಅಂಡ್ ಫೈನಲ್’.

ಇಪ್ಪತ್ತು ಲಕ್ಷ ಕೇಳಲು ದೊಡ್ಡದೇ. ಅದರೊಳಗೆ ಏನಿದೆ ಎಂದು ಒಂದು ಹಾಳೆಯ ಮೇಲೆ ಬರೆಯುತ್ತ ಹೋದರೆ ಬೇರೆಯೇ ಚಿತ್ರ ಕಾಣುತ್ತದೆ. ಸೆಪ್ಟೆಂಬರ್ ಸಂಬಳ 1,56,000. ಅದು ದುಡಿದ ಹಣ. ಈಗ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಅದನ್ನು ಕೊಡಲೇಬೇಕು. ಬಳಸದೆ ಉಳಿದ ಐವತ್ತು ದಿನಗಳ ರಜೆಗೆ, ಮೂಲವೇತನದ ಲೆಕ್ಕದಲ್ಲಿ ದಿನಕ್ಕೆ 2,600ರಂತೆ, 1,30,000. ಗ್ರಾಚ್ಯುಟಿಯ ಲೆಕ್ಕ ಎಲ್ಲರಿಗೂ ಒಂದೇ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ್ದು ಸಿಗುತ್ತದೆ. ಇಲ್ಲಿ ಅದು 45,000, ಹನ್ನೊಂದು ವರ್ಷಕ್ಕೆ 4,95,000. ನೇಮಕಾತಿ ಪತ್ರದಲ್ಲಿ ಎರಡು ತಿಂಗಳ ನೋಟಿಸ್ ಇದೆ. ಕಂಪನಿಯೇ ತಕ್ಷಣ ಹೊರಡಿ ಎಂದರೆ ಆ 3,12,000ವನ್ನೂ ಅದೇ ಕೊಡಬೇಕು. ತಡೆಹಿಡಿದ ಬೋನಸ್ 2,00,000. ಎಲ್ಲ ಕೂಡಿಸಿದರೆ 12,93,000.

ಅಂದರೆ ಜಗಳವೇ ಆಗದೆ, ಕಂಪನಿ ನೇರವಾಗಿ ಕೆಲಸದಿಂದ ತೆಗೆದಿದ್ದರೂ ಬರಬೇಕಾಗಿದ್ದ ಹಣವೇ ಇದರಲ್ಲಿ ಬಹುಪಾಲು. ಬೋನಸ್ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗ ಉಂಟು. ಎಲ್ಲ ಹಕ್ಕುಗಳನ್ನು ಬಿಟ್ಟುಕೊಡುವುದಕ್ಕೆ, ಬಾಯಿ ಮುಚ್ಚಿಕೊಂಡಿರುವುದಕ್ಕೆ ಕಂಪನಿ ಕೊಡುತ್ತಿರುವ ನಿಜವಾದ ಬೆಲೆ ಉಳಿದ 7,07,000. ಚೌಕಾಸಿ ನಡೆಯಬೇಕಾದದ್ದು ಈ ಏಳು ಲಕ್ಷದ ಮೇಲೆ, ಇಪ್ಪತ್ತರ ಮೇಲಲ್ಲ. ಒಂದೇ ಮೊತ್ತವಾಗಿ ಬರೆದ ಕರಡಿನಲ್ಲಿ ಈ ಗೆರೆ ಕಾಣುವುದೇ ಇಲ್ಲ. ಬೇಕೆಂದೇ ಮರೆಮಾಡುತ್ತಾರೆ ಎಂದಲ್ಲ, ಎಷ್ಟೋ ಸಲ ಹಳೆಯ ಫಾರ್ಮ್ಯಾಟಿಗೆ ಹೆಸರು ಬದಲಿಸಿ ಕಳಿಸಿರುತ್ತಾರೆ. ಆದರೆ ನಷ್ಟ ಮಾತ್ರ ಉದ್ಯೋಗಿಯದೇ. ಹೇಗೆಂದು ಮುಂದೆ ತೆರಿಗೆಯ ಲೆಕ್ಕದಲ್ಲಿ ನೋಡೋಣ.

ಪಕ್ಕದಲ್ಲಿದ್ದ ರಾಜೀನಾಮೆ ಪತ್ರ ಇಲ್ಲಿ ಅರ್ಥವಾಗುತ್ತದೆ. ತಾನಾಗಿ ಕೆಲಸ ಬಿಟ್ಟವರಿಗೆ ನೋಟಿಸ್ ಅವಧಿಯ ಹಣ ಕೊಡುವ ಹೊಣೆ ಕಂಪನಿಗಿಲ್ಲ. ಬದಲಿಗೆ ನೋಟಿಸ್ ಕೊಡದೆ ಹೋದಿರಿ ಎಂದು ಅದೇ ಹಣ ಮುರಿದುಕೊಳ್ಳಬಹುದು. ಕಾನೂನು ‘ಕಾರ್ಮಿಕ’ ಎಂದು ಗುರುತಿಸುವ ನೌಕರರಿಗೆ ಇದರ ಪೆಟ್ಟು ಇನ್ನೂ ಜೋರು. ಯಂತ್ರದ ಮುಂದೆ ನಿಲ್ಲುವವರಷ್ಟೇ ಅಲ್ಲ, ಮೇಲ್ವಿಚಾರಣೆಯ ಅಧಿಕಾರವಿಲ್ಲದೆ ಗುಮಾಸ್ತಗಿರಿಯನ್ನೋ ತಾಂತ್ರಿಕ ಕೆಲಸವನ್ನೋ ಮಾಡುವವರೂ ಈ ಮಾತಿನೊಳಗೆ ಬರುತ್ತಾರೆ. ಅಂಥವರನ್ನು ಹೆಚ್ಚುವರಿ ಎಂದು ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು, ಆ ಹಣಕ್ಕೆ 5 ಲಕ್ಷದವರೆಗೆ ತೆರಿಗೆ ವಿನಾಯಿತಿಯೂ ಉಂಟು. ರಾಜೀನಾಮೆ ಬರೆದುಕೊಟ್ಟರೆ ಎರಡೂ ಹೋದ ಹಾಗೆ. ನಮ್ಮ ಮ್ಯಾನೇಜರಿಗೆ ಆ ರಕ್ಷಣೆ ಮೊದಲೇ ಇಲ್ಲ. ಮುಂದಿನ ಕೆಲಸ ಹುಡುಕುವಾಗ ‘ತೆಗೆದುಹಾಕಿದರು’ ಎನ್ನುವುದಕ್ಕಿಂತ ‘ಬಿಟ್ಟರು’ ಎಂಬುದೇ ವಾಸಿ ಎಂದು ಆಕೆ ರಾಜೀನಾಮೆಗೆ ಒಪ್ಪಬಹುದು, ಅದರಲ್ಲಿ ತಪ್ಪಿಲ್ಲ. ಹಾಗಿದ್ದರೆ ನೋಟಿಸ್ ಅವಧಿಯ ಹಣ ಕೊಡುತ್ತೇವೆ, ಯಾವ ವಸೂಲಿಯೂ ಇಲ್ಲ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಇನ್ನು ಬಿಡುಗಡೆಯ ಕಲಮು. ‘ರಿಲೀಸ್’ ಎಂದು ವಕೀಲರು ಕರೆಯುವುದು ಇದನ್ನೇ. ಉದ್ಯೋಗಿಯು ಪೂರ್ತಿ ಹಣ ಪಡೆದಿರುವುದಾಗಿ ಒಪ್ಪಿ, ಕಂಪನಿಯ ಮೇಲೆ, ಅದರ ಅಂಗಸಂಸ್ಥೆಗಳ ಮೇಲೆ, ನಿರ್ದೇಶಕರ ಮೇಲೆ, ತಿಳಿದಿರುವ ಮತ್ತು ತಿಳಿಯದಿರುವ, ಇಂದಿನ ಮತ್ತು ಮುಂದಿನ ಎಲ್ಲ ಬೇಡಿಕೆಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ ಎಂಬುದು ಅದರ ಸಾರ. ಇದರಲ್ಲಿ ಮೂರು ಕಡೆ ಬೆರಳಿಟ್ಟು ನಿಲ್ಲಬೇಕು.

‘ಪಡೆದಿರುವುದಾಗಿ’ ಎಂಬ ಮಾತು ಮೊದಲನೆಯದು. ಸಹಿ ಇವತ್ತು, ಹಣ ನಲವತ್ತೈದು ದಿನ ಬಿಟ್ಟು. ಬಾರದ ಹಣಕ್ಕೆ ರಸೀತಿ ಕೊಟ್ಟಂತಾಯಿತು. ಇದನ್ನು ಸರಿಪಡಿಸಲು ಒಂದು ಸಾಲು ಸಾಕು: ಅನುಬಂಧದಲ್ಲಿ ಹೇಳಿದ ಪೂರ್ತಿ ಹಣ ಉದ್ಯೋಗಿಯ ಬ್ಯಾಂಕ್ ಖಾತೆಗೆ ಜಮೆಯಾದ ದಿನದಿಂದ ಮಾತ್ರ ಈ ಬಿಡುಗಡೆ ಜಾರಿಗೆ ಬರುತ್ತದೆ. ಕಂತುಗಳಲ್ಲಿ ಕೊಡುವುದಾದರೆ ಕೊನೆಯ ಕಂತು ಜಮೆಯಾದ ದಿನದಿಂದ. ಪ್ರಾಮಾಣಿಕವಾಗಿ ಹಣ ಕೊಡುವ ಕಂಪನಿ ಇದಕ್ಕೆ ತಕರಾರು ಮಾಡುವುದಿಲ್ಲ. ಮಾಡಿದರೆ ಅದೂ ಒಂದು ಸುಳಿವೇ.

ಎರಡನೆಯದು ‘ಎಲ್ಲ’ ಎಂಬ ಪದ. ಯಾವ ಸಹಿಯಿಂದಲೂ ಹೋಗದ ಹಕ್ಕುಗಳು ಕೆಲವಿವೆ. ಪ್ರಾವಿಡೆಂಟ್ ಫಂಡಿನ ಹಣ ಉದ್ಯೋಗಿಯದೇ. ಗ್ರಾಚ್ಯುಟಿ ಕಾನೂನು ಕೊಟ್ಟದ್ದು, ಅದರ ವಿರುದ್ಧ ಯಾವ ಕರಾರೂ ನಿಲ್ಲದು ಎಂದು 1972ರ ಕಾಯಿದೆಯೇ ಹೇಳಿತ್ತು. ಕಾನೂನು ಕಾಪಾಡುತ್ತದೆ ಎಂದು ಸುಮ್ಮನಿರುವ ಬದಲು, ಇವು ಈ ಬಿಡುಗಡೆಯ ಹೊರಗೆ ಎಂದು ಬರೆಸಿಬಿಟ್ಟರೆ ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಕಾನೂನು ಕಾಪಾಡದ ಇನ್ನು ಕೆಲವನ್ನೂ ಅದೇ ಸಾಲಿಗೆ ಸೇರಿಸಬೇಕು. ಕೈಗೆ ಬಂದಿರುವ ಶೇರು ಆಯ್ಕೆಗಳು, ಆಸ್ಪತ್ರೆ ವಿಮೆಯಲ್ಲಿ ಆಗಲೇ ಹಾಕಿರುವ ಕ್ಲೇಮು, ಕಂಪನಿಯ ಪರವಾಗಿ ಸಹಿ ಮಾಡಿದ ಕಾಗದಗಳಿಗೆ ನಾಳೆ ಯಾರಾದರೂ ಆಕೆಯ ಮೇಲೆ ಕೇಸು ಹಾಕಿದರೆ ಕಂಪನಿ ಹೊರಬೇಕಾದ ಹೊಣೆ, ಹಾಗೆಯೇ ಇದೇ ಒಪ್ಪಂದವನ್ನು ಕಂಪನಿ ಮುರಿದರೆ ಕೇಳುವ ಹಕ್ಕು. ಈ ಕೊನೆಯದನ್ನು ಮರೆಯುವವರು ಬಹಳ.

ಮೂರನೆಯದು, ಬಿಡುಗಡೆ ಯಾವ ದಿಕ್ಕಿಗೆ ಎಂಬುದು. ಕರಡಿನಲ್ಲಿ ಅದು ಒಮ್ಮುಖವಾಗಿರುತ್ತದೆ: ಉದ್ಯೋಗಿ ಕಂಪನಿಯನ್ನು ಬಿಡುಗಡೆ ಮಾಡುತ್ತಾರೆ, ಕಂಪನಿ ಉದ್ಯೋಗಿಯನ್ನು ಮಾಡುವುದಿಲ್ಲ. ಸೇರುವಾಗ ಕೊಟ್ಟ ಬೋನಸ್ ವಾಪಸು ಕೊಡಿ, ತರಬೇತಿಯ ಬಾಂಡಿನ ಹಣ ಕಟ್ಟಿ ಎಂಬ ನೋಟಿಸ್ ಆರು ತಿಂಗಳ ಮೇಲೆ ಬಂದರೆ ತಡೆಯಲು ಏನೂ ಇಲ್ಲ. ವಂಚನೆಯಂಥದ್ದನ್ನು ಹೊರಗಿಟ್ಟು ತನಗೆ ಗೊತ್ತಿರುವ ಬೇಡಿಕೆಗಳನ್ನೆಲ್ಲ ಕಂಪನಿಯೂ ಬಿಡಬೇಕು ಎಂದು ಕೇಳುವುದು ನ್ಯಾಯವೇ.

ಒತ್ತಾಯಕ್ಕೆ ಸಹಿ ಮಾಡಿದೆ, ಈಗ ಬಿಡಿಸಿಕೊಳ್ಳಬಹುದೇ ಎಂದು ಕೇಳುವವರುಂಟು. ಕರಾರು ಕಾಯಿದೆಯಲ್ಲಿ ಬಲವಂತ, ಅನುಚಿತ ಪ್ರಭಾವ, ಮೋಸಕ್ಕೆ ಪರಿಹಾರವಿದೆ. ಒಪ್ಪಿಕೊಂಡ ಬಾಕಿಯನ್ನೇ ಒತ್ತೆ ಇಟ್ಟುಕೊಂಡು ಪೂರ್ಣ ಪಾವತಿಯ ರಸೀತಿ ಬರೆಸಿಕೊಂಡರೆ ಅದೇ ಕೊನೆಯ ಮಾತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಬೊಘಾರಾ ಪಾಲಿಫ್ಯಾಬ್ ವಿಮಾ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಆದರೆ ಒತ್ತಡ ಇತ್ತು ಎಂದು ರುಜುವಾತು ಮಾಡುವ ಹೊರೆ ಸಹಿ ಮಾಡಿದವರದೇ. ವಕೀಲರ ನೋಟಿಸ್ ಕೊಟ್ಟು, ತಿಂಗಳು ಚೌಕಾಸಿ ಮಾಡಿ, ಹಣ ತೆಗೆದುಕೊಂಡು ವರ್ಷದ ಮೇಲೆ ‘ಒತ್ತಡ’ ಎಂದರೆ ನ್ಯಾಯಾಧೀಶರು ನಂಬುವುದು ಕಷ್ಟ. ಯೋಚಿಸಲು ಇಷ್ಟು ದಿನ ಕೊಡಲೇಬೇಕು ಎಂಬ ನಿಯಮ ಇಂಥ ಒಪ್ಪಂದಗಳಿಗೆ ನಮ್ಮಲ್ಲಿಲ್ಲ. ಮೂರು ದಿನ ಬೇಕು ಎಂದು ಇಮೇಲಿನಲ್ಲಿ ಕೇಳಿಬಿಡಬೇಕು. ಕೊಟ್ಟರೆ ಒಳ್ಳೆಯದೇ, ಕೊಡದಿದ್ದರೆ ಆ ಇಮೇಲೇ ಸಾಕ್ಷಿ.

ಲಂಡನ್ನಿನಲ್ಲಿ ಕೆಲಸ ಮಾಡುವ ಕನ್ನಡಿಗರು ಇದನ್ನು ಓದಿ ಹುಬ್ಬೇರಿಸಬಹುದು. ಅಲ್ಲಿ ಉದ್ಯೋಗಿ ಸ್ವತಂತ್ರ ಸಲಹೆಗಾರರಿಂದ ತಿಳಿವಳಿಕೆ ಪಡೆಯದಿದ್ದರೆ ಅನ್ಯಾಯದ ವಜಾದಂಥ ಶಾಸನಬದ್ಧ ಹಕ್ಕುಗಳನ್ನು ಬಿಟ್ಟುಕೊಡುವ ಇಂಥ ಒಪ್ಪಂದ ನಿಲ್ಲುವುದೇ ಇಲ್ಲ. ಸಲಹೆಯ ಫೀಸನ್ನು ಬಹುತೇಕ ಕಂಪನಿಯೇ ಕೊಡುವುದು ರೂಢಿ. ಕೆಲಸ ಕಳೆದುಕೊಂಡದ್ದಕ್ಕೆ ಕೊಡುವ ಪರಿಹಾರದಲ್ಲಿ ಮೊದಲ 30,000 ಪೌಂಡಿಗೆ ತೆರಿಗೆಯೂ ಇಲ್ಲ, ನೋಟಿಸ್ ಅವಧಿಯ ಹಣಕ್ಕೆ ಮಾತ್ರ ಸಂಬಳದಂತೆಯೇ ತೆರಿಗೆ. ಅಲ್ಲಿಂದ ಮರಳಿದವರು ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ ಎಂದುಕೊಂಡು ಮೋಸ ಹೋಗುತ್ತಾರೆ.

ಇಲ್ಲಿಯ ಲೆಕ್ಕ ಹೀಗಿದೆ. ಕೆಲಸ ಕೊನೆಗೊಂಡ ಕಾರಣಕ್ಕೆ ಮಾಲೀಕರಿಂದ ಬಂದ ಪರಿಹಾರವನ್ನು 1961ರ ಆದಾಯ ತೆರಿಗೆ ಕಾಯಿದೆಯ 17(3)ನೇ ಕಲಮು ‘ಸಂಬಳದ ಬದಲಿಗೆ ಬಂದ ಲಾಭ’ ಎಂದು ಕರೆಯುತ್ತಿತ್ತು. 2026ರ ಏಪ್ರಿಲ್ 1ರಿಂದ ಹೊಸ ಕಾಯಿದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ, ತಿರುಳು ಅದೇ. ಹೆಸರು ಏನೇ ಇರಲಿ, ಅದು ಸಂಬಳದ ಸಾಲಿಗೇ ಸೇರುತ್ತದೆ, ಕಂಪನಿ ಟಿಡಿಎಸ್ ಮುರಿದೇ ಕೊಡುತ್ತದೆ. ಸೆಪ್ಟೆಂಬರ್ ಸಂಬಳ, ನೋಟಿಸ್ ಹಣ, ಬೋನಸ್, ಈ ಪರಿಹಾರ, ನಾಲ್ಕಕ್ಕೂ ತೆರಿಗೆ ಉಂಟು. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ಕೆಲಸ ಬಿಡುವಾಗ ಸಿಗುವ ರಜೆಯ ಹಣಕ್ಕೆ ಒಂದು ಸೂತ್ರದೊಳಗೆ ಗರಿಷ್ಠ 25 ಲಕ್ಷದವರೆಗೆ ವಿನಾಯಿತಿ. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೂ ಇವೆರಡು ಸಿಗುತ್ತವೆ. ನಮ್ಮ ಉದಾಹರಣೆಯಲ್ಲಿ ಎರಡೂ ಸೇರಿ 6,25,000ಕ್ಕೆ ತೆರಿಗೆಯಿಲ್ಲ.

ಈಗ ಎರಡು ಕರಡುಗಳನ್ನು ಪಕ್ಕಪಕ್ಕ ಇಡೋಣ. ಒಂದರಲ್ಲಿ ಮೇಲೆ ಮಾಡಿದಂತೆ ಬಾಬ್ತು ಬಾಬ್ತಾಗಿ ಪಟ್ಟಿ ಇದೆ. ಇನ್ನೊಂದರಲ್ಲಿ ‘ಒಟ್ಟು 20 ಲಕ್ಷ’ ಎಂದಷ್ಟೇ ಇದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಸಂಬಳ 7,80,000 ಆಗಲೇ ಬಂದಿದೆ, ವರ್ಷದಲ್ಲಿ ಬೇರೆ ಆದಾಯವಿಲ್ಲ ಎಂದುಕೊಳ್ಳೋಣ. ಪಟ್ಟಿ ಇದ್ದರೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆಗೆ ಒಳಪಡುವ ಆದಾಯ 20,80,000. 2025-26ರಲ್ಲಿ ಬಂದ ಹೊಸ ಪದ್ಧತಿಯ ದರಗಳಲ್ಲಿ ಸೆಸ್ ಸೇರಿ ವರ್ಷದ ತೆರಿಗೆ 2,28,800. ಪಟ್ಟಿ ಇಲ್ಲದೆ, ಇಪ್ಪತ್ತು ಲಕ್ಷವನ್ನೂ ಪೇರೋಲ್‌ನವರು ತೆರಿಗೆಗೆ ಸೇರಿಸಿದರೆ ಆದಾಯ 27,05,000, ತೆರಿಗೆ 4,07,160. ಒಂದು ಅನುಬಂಧದ ಹಾಳೆಯ ಬೆಲೆ 1,78,360 ರೂಪಾಯಿ. ರಿಟರ್ನ್ ಸಲ್ಲಿಸುವಾಗ ವಿನಾಯಿತಿ ಕೇಳಿ ಹಣ ವಾಪಸು ಪಡೆಯಬಹುದಲ್ಲ ಎಂದರೆ, ಕೇಳಬಹುದು. ಆಗ ಈ ಮೊತ್ತದಲ್ಲಿ ಗ್ರಾಚ್ಯುಟಿ ಇಷ್ಟಿತ್ತು ಎಂದು ತೋರಿಸಲು ಕಾಗದ ಬೇಕು. ಬಿಟ್ಟುಹೋದ ಕಂಪನಿಯ ಪೇರೋಲ್ ವಿಭಾಗದಿಂದ ಅದನ್ನು ಬರೆಸಿಕೊಂಡು ಬಂದವರಿಗೇ ಗೊತ್ತು ಆ ಪಾಡು.

ಪಟ್ಟಿಯಲ್ಲಿ ಸುಳ್ಳು ಹೆಸರು ಹಾಕಿಸುವುದಕ್ಕೆ ಇದು ಪರವಾನಗಿಯಲ್ಲ. ಏಳು ಲಕ್ಷವನ್ನೂ ಗ್ರಾಚ್ಯುಟಿ ಎಂದು ಬರೆದರೆ ಸೇವೆಯ ವರ್ಷ ಮತ್ತು ಮೂಲವೇತನ ಗುಣಿಸಿದ ಯಾರಿಗಾದರೂ ಗುಟ್ಟು ತಿಳಿಯುತ್ತದೆ. ಸ್ವಯಂ ನಿವೃತ್ತಿ ಎಂದು ಕರೆದು 5 ಲಕ್ಷದ ವಿನಾಯಿತಿ ಪಡೆಯೋಣ ಎಂದರೆ, ಅದಕ್ಕೆ ನೌಕರರಿಗೆಲ್ಲ ಅನ್ವಯಿಸುವ, ನಿಯಮಕ್ಕೆ ಹೊಂದುವ ಯೋಜನೆ ಇರಬೇಕು. ಒಬ್ಬರ ಜೊತೆ ಮುಚ್ಚಿದ ಬಾಗಿಲ ಹಿಂದೆ ಮಾಡಿಕೊಂಡ ರಾಜಿ ಯೋಜನೆಯಾಗದು.

ಹೆಚ್ಚು ಜನ ನೆಚ್ಚಿಕೊಳ್ಳುವುದು ‘ಎಕ್ಸ್ ಗ್ರೇಷಿಯಾ’ ಎಂಬ ಪದವನ್ನು. ಮನಸ್ಸಂತೋಷಕ್ಕೆ ಕೊಟ್ಟದ್ದು, ಕೊಡಬೇಕೆಂಬ ಕಟ್ಟಳೆ ಇರಲಿಲ್ಲ ಎಂಬ ಅರ್ಥ ಅದಕ್ಕೆ. ಇದು ಪೂರಾ ಗಾಳಿಮಾತೂ ಅಲ್ಲ. ಯಾವ ಹೊಣೆಯೂ ಇಲ್ಲದೆ ಮಾಲೀಕರು ತಾವಾಗಿ ಕೊಟ್ಟ ಹಣ ಈ ಕಲಮಿನ ‘ಪರಿಹಾರ’ವಲ್ಲ ಎಂದು ಗುಜರಾತ್ ಹೈಕೋರ್ಟ್ 2015ರಲ್ಲಿ ಹೇಳಿದ್ದುಂಟು. ನಮ್ಮ ಒಪ್ಪಂದಕ್ಕೆ ಇದನ್ನು ಅಂಟಿಸಲು ಹೋದರೆ ಏನಾಗುತ್ತದೆ ನೋಡಿ. ‘ಈ ಹಣಕ್ಕೆ ಪ್ರತಿಯಾಗಿ ಉದ್ಯೋಗಿ ಎಲ್ಲ ಬೇಡಿಕೆಗಳನ್ನು ಬಿಟ್ಟುಕೊಟ್ಟಿದ್ದಾರೆ’ ಎಂದು ನಾಲ್ಕನೇ ಪುಟದಲ್ಲಿದೆ. ಹಾಗಾದರೆ ಅದು ಕಾಣಿಕೆ ಹೇಗಾದೀತು, ಕೊಟ್ಟು ತೆಗೆದುಕೊಂಡ ವ್ಯಾಪಾರವಲ್ಲವೇ? ಬಿಡುಗಡೆಯ ಕಲಮು ಎಷ್ಟು ಗಟ್ಟಿಯೋ ಎಕ್ಸ್ ಗ್ರೇಷಿಯಾ ಎಂಬ ಹೆಸರು ಅಷ್ಟು ಸಡಿಲ. ಅದಲ್ಲದೆ 2018ರ ತಿದ್ದುಪಡಿಯ ನಂತರ, ಉದ್ಯೋಗ ಕೊನೆಗೊಂಡ ಸಂಬಂಧದಲ್ಲಿ ಬಂದ ಪರಿಹಾರ ಸಂಬಳದ ಸಾಲಿನಿಂದ ನುಸುಳಿಕೊಂಡರೂ ‘ಇತರ ಮೂಲಗಳ ಆದಾಯ’ದ ಬಲೆಗೆ ಬೀಳುತ್ತದೆ. ತೆರಿಗೆಯಿಲ್ಲದ ಎಕ್ಸ್ ಗ್ರೇಷಿಯಾ ಎಂದು ಎಚ್‌ಆರ್‌ನವರು ಬಾಯಲ್ಲಿ ಹೇಳಿದರೆ, ಟಿಡಿಎಸ್ ಮುರಿಯುವುದಿಲ್ಲ ಎಂದು ಬರೆದುಕೊಡುತ್ತೀರಾ ಎಂದು ಕೇಳಿ ನೋಡಬಹುದು. ಬರೆದುಕೊಡಲಾರರು. ಮುರಿಯದಿದ್ದರೆ ನಾಳೆ ಇಲಾಖೆ ಹಿಡಿಯುವುದು ಅವರ ಕಂಪನಿಯನ್ನೇ.

ಅದಕ್ಕೇ ಮೊತ್ತದ ಮುಂದೆ ‘ಟಿಡಿಎಸ್‌ಗೆ ಮುನ್ನ’ ಎಂದಿದೆಯೋ ‘ಕೈಗೆ’ ಎಂದಿದೆಯೋ ಎಂದು ನೋಡುವುದು ಮುಖ್ಯ. ಏನೂ ಬರೆದಿಲ್ಲವೆಂದರೆ ಟಿಡಿಎಸ್‌ಗೆ ಮುನ್ನದ ಮೊತ್ತವೆಂದೇ ಕಂಪನಿ ಓದುತ್ತದೆ. ಬೋನಸ್ ಹಿಂದಿನ ವರ್ಷಕ್ಕೆ ಸೇರಿದ್ದಾದರೆ ಅದನ್ನೂ ಪಟ್ಟಿಯಲ್ಲಿ ವರ್ಷದ ಸಮೇತ ಬರೆಸಬೇಕು. ಹಿಂದಿನ ವರ್ಷದ ಬಾಕಿ ಈ ವರ್ಷ ಒಟ್ಟಿಗೆ ಬಂದು ತೆರಿಗೆ ಹೆಚ್ಚಾದರೆ ಪರಿಹಾರ ಕೇಳುವ ದಾರಿಯೊಂದಿದೆ, ಅದರ ಫಾರ್ಮನ್ನು ರಿಟರ್ನ್‌ಗೆ ಮೊದಲೇ ಸಲ್ಲಿಸಬೇಕು.

ಇನ್ನು ಗೋಪ್ಯತೆ. ‘ಈ ಒಪ್ಪಂದದ ಅಸ್ತಿತ್ವವನ್ನಾಗಲಿ ಒಳಗಿನ ವಿಷಯವನ್ನಾಗಲಿ ಯಾರಿಗೂ ತಿಳಿಸಕೂಡದು’ ಎಂಬ ಸಾಲನ್ನು ಅಕ್ಷರಶಃ ಪಾಲಿಸಿದರೆ ಗಂಡನಿಗೆ ಹೇಳುವಂತಿಲ್ಲ, ಆಡಿಟರಿಗೆ ತೋರಿಸುವಂತಿಲ್ಲ, ತೆರಿಗೆ ಅಧಿಕಾರಿ ಕೇಳಿದರೂ ಬಾಯಿಬಿಡುವಂತಿಲ್ಲ. ಕಂಪನಿ ಮುರಿದ ಟಿಡಿಎಸ್ ಅವರ ಹೆಸರಿನ ಸಮೇತ ನಮ್ಮ ಪ್ಯಾನ್ ಖಾತೆಯ ವಿವರದಲ್ಲಿ ತಾನಾಗಿ ಬಂದು ಕೂತಿರುತ್ತದೆ. ಸರ್ಕಾರದಿಂದ ಮುಚ್ಚಿಡುವ ಗುಟ್ಟೇ ಅಲ್ಲ ಅದು. ಆದ್ದರಿಂದ ಬಾಳಸಂಗಾತಿ, ವಕೀಲರು, ಆಡಿಟರು, ತೆರಿಗೆ ಇಲಾಖೆ, ನ್ಯಾಯಾಲಯ, ಕಾನೂನಿನಂತೆ ಕೇಳುವ ಯಾವುದೇ ಅಧಿಕಾರಿ, ಇಷ್ಟು ಜನರನ್ನು ಹೆಸರಿಸಿ ಹೊರಗಿಡಬೇಕು. ಹೊಸ ಕಂಪನಿಯವರು ಕೇಳಿದರೆ ಏನು ಹೇಳಬೇಕು ಎಂಬ ಒಂದು ವಾಕ್ಯವನ್ನೂ ಅಲ್ಲೇ ನಿರ್ಧರಿಸಿಕೊಂಡರೆ ಚೆನ್ನ.

ಗುಟ್ಟು ಬಿಟ್ಟರೆ ಇಪ್ಪತ್ತು ಲಕ್ಷವನ್ನೂ ವಾಪಸು ಕೊಡಬೇಕು ಎಂಬ ದಂಡದ ಸಾಲು ಹಲವು ಕರಡುಗಳಲ್ಲಿ ಇರುತ್ತದೆ. ಹೆದರಿಸುವುದಕ್ಕೆ ಅದು ಸಾಕು. ಕೋರ್ಟಿಗೆ ಹೋದರೆ ಕರಾರು ಕಾಯಿದೆಯ 74ನೇ ಕಲಮಿನಂತೆ ಬರೆದ ಮೊತ್ತ ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವಾದಷ್ಟೇ ಸಿಗುವುದು. ದುಡಿದ ಸಂಬಳವನ್ನೂ ಗ್ರಾಚ್ಯುಟಿಯನ್ನೂ ಹೀಗೆ ವಾಪಸು ಕೇಳುವುದಕ್ಕೆ ಅರ್ಥವಿಲ್ಲ. ದಂಡ ಇರಲೇಬೇಕು ಎಂದರೆ ಏಳು ಲಕ್ಷದ ಭಾಗಕ್ಕೆ ಮಾತ್ರ ಇರಲಿ ಎನ್ನಬಹುದು. ಪಟ್ಟಿ ಮಾಡಿಸಿದ್ದು ಇಲ್ಲಿಯೂ ಕೆಲಸಕ್ಕೆ ಬಂತು.

ಯಾವ ಗೋಪ್ಯತೆಯೂ ದಾಟಲಾರದ ಗೆರೆಯೊಂದಿದೆ. ಅಪರಾಧದ ದೂರು ಕೊಡುವುದಿಲ್ಲ ಎಂದು ಹಣಕ್ಕೆ ಮಾತು ಕೊಟ್ಟರೆ ಅಂಥ ಕರಾರು ಕಾನೂನಿನ ಕಣ್ಣಿನಲ್ಲಿ ಕರಾರೇ ಅಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಇದ್ದಾಗ, ವಿಚಾರಣೆಗೆ ಮುನ್ನ ಸಂಧಾನ ಮಾಡಿಕೊಳ್ಳಲು 2013ರ ಕಾಯಿದೆ ಬಿಡುತ್ತದೆ. ಆದರೆ ಹಣ ಆ ಸಂಧಾನದ ಆಧಾರವಾಗಕೂಡದು ಎಂದು ಅದರ 10ನೇ ಕಲಮಿನಲ್ಲೇ ಇದೆ. ಅಂಥ ದೂರನ್ನು ಈ ಬಗೆಯ ಒಪ್ಪಂದದ ಬಿಡುಗಡೆಯೊಳಗೆ ತುರುಕಿದ್ದಾರೆಂದರೆ ಅಲ್ಲಿಗೆ ಪೆನ್ನು ಕೆಳಗಿಟ್ಟು ವಕೀಲರ ಹತ್ತಿರ ಹೋಗಬೇಕು.

ಹಣಕ್ಕಿಂತ ಹೆಚ್ಚು ದಿನ ಕಾಡುವ ಕಾಗದ ರಿಲೀವಿಂಗ್ ಲೆಟರ್. ಬೆಂಗಳೂರಿನಲ್ಲಿ ಹೊಸ ಕೆಲಸ ಸಿಕ್ಕ ಕೂಡಲೇ ಹಿಂದಿನ ಕಂಪನಿಗೆ ವಿಚಾರಣೆಯ ಇಮೇಲ್ ಹೋಗುತ್ತದೆ. ಅಲ್ಲಿಂದ ಒಂದು ಅಡ್ಡ ಮಾತು ಬಂದರೆ ಇಪ್ಪತ್ತು ಲಕ್ಷ ಆರು ತಿಂಗಳಲ್ಲಿ ಕರಗುತ್ತದೆ. ‘ರಿಲೀವಿಂಗ್ ಲೆಟರ್ ಕೊಡಲಾಗುವುದು’ ಎಂಬ ಭರವಸೆ ಸಾಲದು. ಅದರ ಪೂರ್ತಿ ಒಕ್ಕಣೆ, ಕೊಡುವ ದಿನಾಂಕ, ವಿಚಾರಣೆ ಬಂದಾಗ ಹೇಳುವ ಎರಡು ಸಾಲು, ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ, ಇಷ್ಟೂ ಎರಡನೇ ಅನುಬಂಧವಾಗಿ ಒಪ್ಪಂದಕ್ಕೆ ಹೊಲಿದಿರಬೇಕು.

ಸಹಿಯ ದಿನದ ಕ್ರಮವೂ ಹೀಗೇ ಇದ್ದರೆ ಒಳ್ಳೆಯದು. ಮೊದಲು ಕಂಪನಿಯ ಅಧಿಕೃತ ವ್ಯಕ್ತಿ, ಅವರಿಗೆ ಸಹಿಯ ಅಧಿಕಾರ ಇದೆಯೆಂದು ತೋರಿಸುವ ಕಾಗದದ ಜೊತೆ. ಆಮೇಲೆ ಉದ್ಯೋಗಿ. ಪುಟಪುಟಕ್ಕೂ ಸಹಿ, ಒಂದು ಮೂಲಪ್ರತಿ ಅಲ್ಲೇ ಕೈಗೆ. ಕೇಸು ಆಗಲೇ ಕೋರ್ಟಿನಲ್ಲಿದ್ದರೆ ಹಣ ಜಮೆಯಾದ ಮೇಲೆ ಜಂಟಿ ಮೆಮೊ. ಕಾರ್ಮಿಕರ ವಿಷಯವಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಸಂಧಾನ ನಡೆಯುತ್ತಿದ್ದರೆ ಅಧಿಕಾರಿಯ ಮುಂದೆಯೇ ಸಹಿ. ಖಾತೆಗೆ ಬಂದ ಹಣದ ಯುಟಿಆರ್ ಸಂಖ್ಯೆಯನ್ನು ಅನುಬಂಧದ ಬಾಬ್ತುಗಳ ಜೊತೆ ಹೊಂದಿಸಿ ನೋಡಿ, ಸರಿಯಿದ್ದರೆ ಲ್ಯಾಪ್‌ಟಾಪ್ ಒಪ್ಪಿಸಬಹುದು.